ಮೊದಲ ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿದರೂ ಗುಣವಾಗದ ನೌಕರರ ಪರವಾಗಿ: ರಜೆ ಮಂಜೂರು ಮಾಡುವ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ವೈದ್ಯಕೀಯ ರಜೆ ಮಂಜೂರು ಮಾಡುವ ಎಲ್ಲ ಅಧಿಕಾರಿಗಳು ಮತ್ತು ಅವರ ಸಿಬ್ಬಂದಿ ಶಾಖೆಗಳು

ವಿಷಯ: ವೈದ್ಯಕೀಯ ರಜೆಯ ವಿಸ್ತರಣೆ ಕೋರಿ ಬರುವ ಅರ್ಜಿಗಳನ್ನು ಪರಿಗಣಿಸುವ ಕ್ರಮದ ಬಗ್ಗೆ

ಮಾನ್ಯರೇ,

ಕಾಯಿಲೆಯ ಕಾರಣ ರಜೆಯಲ್ಲಿರುವ ನೌಕರರು ವೈದ್ಯರ ಮೊದಲ ಪ್ರಮಾಣಪತ್ರದಲ್ಲಿ ನಮೂದಾದ ದಿನದೊಳಗೆ ಗುಣವಾಗದೆ, ಇನ್ನಷ್ಟು ದಿನ ರಜೆ ಮುಂದುವರಿಸಬೇಕೆಂದು ಕೋರಿದಾಗ ಆ ಅರ್ಜಿಯನ್ನು ಸಂಶಯದಿಂದ ನೋಡುವುದು ಬಹಳಷ್ಟು ಕಚೇರಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲ ಅರ್ಜಿ ಒಂದೇ ದಿನದಲ್ಲಿ ಮಂಜೂರಾಗುತ್ತದೆ, ಎರಡನೆಯದು ಬಂದ ಕೂಡಲೇ "ಆರು ವಾರ ಎಂದು ಬರೆದುಕೊಟ್ಟಿದ್ದರಲ್ಲ, ಈಗೇಕೆ ಹನ್ನೆರಡು?" ಎಂಬ ಟಿಪ್ಪಣಿಯೊಂದಿಗೆ ಕಡತ ಹಿಂದಕ್ಕೆ ಬರುತ್ತದೆ. ರಜೆ ಕಡತಗಳನ್ನು ಬಹುಕಾಲ ನಿರ್ವಹಿಸಿರುವ ನಾನು ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿ, ಮತ್ತು ಈ ಅರ್ಜಿಗಳನ್ನು ಬೇರೆ ರೀತಿಯಲ್ಲಿ ಪರಿಗಣಿಸಬೇಕೆಂದು ತಮ್ಮನ್ನು ಒತ್ತಾಯಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಮೊದಲ ಪ್ರಮಾಣಪತ್ರದಲ್ಲಿರುವ ಅವಧಿಯ ಅರ್ಥವೇನು ಎಂಬುದನ್ನು ನೋಡೋಣ. ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ಮನೆಗೆ ಕಳುಹಿಸುವ ದಿನ ವೈದ್ಯರು ಆ ಪತ್ರವನ್ನು ಬರೆಯುತ್ತಾರೆ. ಗಾಯ ಹೇಗೆ ಮಾಯುತ್ತದೆ, ಸೋಂಕು ತಗಲುತ್ತದೆಯೇ, ರೋಗಿಯ ದೇಹ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬ ಯಾವ ಸಂಗತಿಯೂ ಆ ದಿನ ಅವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಅವರು ಸಾಮಾನ್ಯವಾಗಿ ಮುಂದಿನ ತಪಾಸಣೆಯವರೆಗಿನ ಅವಧಿಯನ್ನು ಲೆಕ್ಕ ಹಾಕಿ ಬರೆಯುತ್ತಾರೆ. ಆರು ವಾರ ಎಂದು ಬರೆದಿದ್ದರೆ, ಆರು ವಾರವಂತೂ ಈ ವ್ಯಕ್ತಿ ಕೆಲಸ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಆಮೇಲೆ ಮತ್ತೆ ಪರೀಕ್ಷಿಸಿ ನಿರ್ಧರಿಸಬೇಕು ಎಂಬುದು ಅದರ ತಾತ್ಪರ್ಯ. ಕಚೇರಿಯಲ್ಲಿ ನಾವು ಅದನ್ನು ಆರು ವಾರಕ್ಕೆ ಗುಣವಾಗುತ್ತದೆ ಎಂಬ ಭರವಸೆಯಂತೆ ಓದುತ್ತೇವೆ. ವಿಸ್ತರಣೆಯ ಸುತ್ತ ಹುಟ್ಟುವ ಜಗಳಗಳಲ್ಲಿ ಹೆಚ್ಚಿನವು ಈ ಎರಡು ಓದುಗಳ ನಡುವಿನ ಅಂತರದಿಂದಲೇ ಹುಟ್ಟುತ್ತವೆ.

ಒಂದು ಪ್ರಕರಣವನ್ನು ವಿವರವಾಗಿ ತೆಗೆದುಕೊಳ್ಳುತ್ತೇನೆ. ಇಂತಹ ಅನೇಕ ಕಡತಗಳ ಅನುಭವದಿಂದ ಇದನ್ನು ಕಟ್ಟಿದ್ದೇನೆ; ದಿನಾಂಕಗಳನ್ನು ಉದಾಹರಣೆಗೆಂದು ಇಟ್ಟಿದ್ದೇನೆ. ದಾಖಲೆಗಳ ವಿಭಾಗದಲ್ಲಿ ಕೆಲಸ ಮಾಡುವ ನೌಕರರೊಬ್ಬರ ಬಲ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಅಪಘಾತದಲ್ಲಿ ಮುರಿಯುತ್ತದೆ. ಮೂಳೆಯೊಳಗೆ ಲೋಹದ ಸರಳು ಕೂರಿಸಿ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಜೂನ್ 2ರಿಂದ ಜುಲೈ 13ರವರೆಗೆ, ಅಂದರೆ 42 ದಿನ, ವಿಶ್ರಾಂತಿ ಅಗತ್ಯವೆಂದು ವೈದ್ಯರು ಬರೆದುಕೊಡುತ್ತಾರೆ. ಜುಲೈ 13 ಭಾನುವಾರ. ಆ ವೈದ್ಯರು ಹೊರರೋಗಿಗಳನ್ನು ನೋಡುವುದು ಬುಧವಾರಗಳಂದು ಮಾತ್ರ. ಹಾಗಾಗಿ ಮರುತಪಾಸಣೆಗೆ ಜುಲೈ 16 ನಿಗದಿಯಾಗುತ್ತದೆ.

ಜುಲೈ 16ರಂದು ವೈದ್ಯರು ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸುತ್ತಾರೆ. ಮುರಿದ ಜಾಗದಲ್ಲಿ ಹೊಸ ಮೂಳೆ ಬೆಳೆದು ಎರಡೂ ತುದಿಗಳ ನಡುವೆ ಸೇತುವೆಯಂತೆ ಕೂಡಿಕೊಂಡಿದೆಯೇ ಎಂದು ಅವರು ಆ ಚಿತ್ರಗಳಲ್ಲಿ ಹುಡುಕುತ್ತಾರೆ. ಎರಡು ಚಿತ್ರಗಳಲ್ಲಿ ಮೂಳೆಯ ನಾಲ್ಕು ಅಂಚುಗಳು ಕಾಣುತ್ತವೆ. ಅವುಗಳಲ್ಲಿ ಕನಿಷ್ಠ ಮೂರರಲ್ಲಿ ಈ ಬೆಸುಗೆ ಕಂಡರೆ ಮೂಳೆ ಕೂಡಿಕೊಂಡಿದೆ ಎಂದು ಪರಿಗಣಿಸುವುದು ಮೂಳೆ ವೈದ್ಯರಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ. ನಮ್ಮ ನೌಕರರ ಚಿತ್ರದಲ್ಲಿ ಒಂದು ಅಂಚಿನಲ್ಲಿ ಮಾತ್ರ ತೆಳುವಾದ ಮಬ್ಬು ನೆರಳೊಂದು ಕಾಣುತ್ತಿದೆ. ಆ ಜಾಗವನ್ನು ಒತ್ತಿದರೆ ಇನ್ನೂ ನೋವಿದೆ. ಊರುಗೋಲಿಲ್ಲದೆ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ಆಗುತ್ತಿಲ್ಲ. ಇದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಕಾಲಿನ ಈ ಮೂಳೆ ಪೂರ್ತಿಯಾಗಿ ಕೂಡಿಕೊಳ್ಳಲು ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ. ಚರ್ಮ ಸೀಳಿ ಮೂಳೆ ಹೊರಬಂದಿದ್ದ ಮುರಿತವಾದರೆ, ಅಥವಾ ರೋಗಿಗೆ ಮಧುಮೇಹವೋ ಧೂಮಪಾನದ ಅಭ್ಯಾಸವೋ ಇದ್ದರೆ, ಇನ್ನೂ ತಡವಾಗಬಹುದು. ವೈದ್ಯರು ಇನ್ನೂ ಆರು ವಾರ ಕಾಲಿನ ಮೇಲೆ ಭಾಗಶಃ ಭಾರ ಮಾತ್ರ ಹಾಕಬೇಕೆಂದು ಸೂಚಿಸಿ, ಮುಂದಿನ ತಪಾಸಣೆಯನ್ನು ಆಗಸ್ಟ್ 20ಕ್ಕೆ ನಿಗದಿಪಡಿಸುತ್ತಾರೆ.

ಇಷ್ಟು ವಿವರವನ್ನು ಹೇಳಿದ್ದಕ್ಕೆ ಕಾರಣವಿದೆ. ಟಿಪ್ಪಣಿಯಲ್ಲಿ ಕೇಳಲಾದ "ಈಗೇಕೆ ಹನ್ನೆರಡು ವಾರ?" ಎಂಬ ಪ್ರಶ್ನೆಗೆ ಉತ್ತರ ಆ ಎಕ್ಸ್‌ರೇಯ ಮಬ್ಬು ನೆರಳಿನಲ್ಲಿದೆಯೇ ಹೊರತು ನೌಕರರ ಮನಸ್ಸಿನಲ್ಲಿ ಇಲ್ಲ. ಅವರು ಸುಳ್ಳು ಹೇಳಿಲ್ಲ, ವೈದ್ಯರೂ ತಪ್ಪು ಬರೆದಿಲ್ಲ. ಮೊದಲ ದಿನ ಇಲ್ಲದಿದ್ದ ಮಾಹಿತಿ 45ನೆಯ ದಿನ ಲಭ್ಯವಾಗಿದೆ, ಅಷ್ಟೇ.

ಆದರೆ ಕಡತದಲ್ಲಿ ಈ ಪ್ರಕರಣ ಹೇಗೆ ಕಾಣುತ್ತದೆ ನೋಡಿ. ಮೊದಲ ಪ್ರಮಾಣಪತ್ರ ಜುಲೈ 13ಕ್ಕೆ ಮುಗಿದಿದೆ. ಎರಡನೆಯದಕ್ಕೆ ವೈದ್ಯರು ಸಹಿ ಹಾಕಿದ್ದು ಜುಲೈ 16ಕ್ಕೆ. ನಡುವಿನ ಸೋಮವಾರ ಮತ್ತು ಮಂಗಳವಾರಗಳಿಗೆ ಯಾವ ಕಾಗದವೂ ಇಲ್ಲ. ಸೋಮವಾರ ಬೆಳಿಗ್ಗೆ ಹಾಜರಾತಿ ಪುಸ್ತಕದಲ್ಲಿ ಸಹಿ ಇಲ್ಲದ್ದನ್ನು ಕಂಡ ಶಾಖೆ ಅದನ್ನು ಅನಧಿಕೃತ ಗೈರುಹಾಜರಿ ಎಂದು ಗುರುತಿಸುತ್ತದೆ; ಕೆಲವೊಮ್ಮೆ ಅದೇ ವಾರ ಕಾರಣ ಕೇಳುವ ನೋಟಿಸ್ ಕೂಡ ಹೊರಡುತ್ತದೆ. ಊರುಗೋಲು ಹಿಡಿದು ಓಡಾಡುತ್ತಿರುವ ಮನುಷ್ಯನ ಮನೆಗೆ ಆ ನೋಟಿಸ್ ತಲುಪುತ್ತದೆ. ಎರಡು ದಿನಗಳ ಈ ಬಿರುಕು ಆಮೇಲೆ ವೇತನದಲ್ಲಿ ಕಡಿತವಾಗಿ, ಸೇವಾ ದಾಖಲೆಯಲ್ಲಿ ಷರಾ ಆಗಿ, ಮುಂದೆ ಸೇವಾವಧಿ ಲೆಕ್ಕ ಹಾಕುವಾಗ ಆಕ್ಷೇಪಣೆಯಾಗಿ ಉಳಿದುಬಿಡಬಹುದು.

ಈ ಬಿರುಕನ್ನು ಮುಚ್ಚಲು ಎರಡು ದಾರಿಗಳಿವೆ. ಅವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು. ಪ್ರಮಾಣಪತ್ರಕ್ಕೆ ಜುಲೈ 13ರ ದಿನಾಂಕ ಹಾಕಿಕೊಡಿ ಎಂದು ವೈದ್ಯರನ್ನು ಕೇಳುವುದು ತಪ್ಪು ದಾರಿ. ನೋಡದ ದಿನ ನೋಡಿದ್ದಾಗಿ ಬರೆದರೆ ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ರೋಗಿಗೂ ವೈದ್ಯರಿಗೂ ತೊಂದರೆ. ಆದರೂ ಕಾಗದ ಎಲ್ಲಿಯೂ ತುಂಡಾಗಬಾರದು ಎಂದು ನಮ್ಮ ಶಾಖೆಗಳು ಹಟ ಹಿಡಿದಾಗ ಪ್ರಾಮಾಣಿಕ ನೌಕರರನ್ನೂ ನಾವೇ ಆ ದಾರಿಗೆ ತಳ್ಳುತ್ತೇವೆ. ಇದು ನನ್ನನ್ನು ಬಹಳ ನೋಯಿಸಿದ ಸಂಗತಿ. ಸರಿಯಾದ ದಾರಿ ಸರಳವಾಗಿದೆ: ಪ್ರಮಾಣಪತ್ರದ ದಿನಾಂಕ ಜುಲೈ 16 ಎಂದೇ ಇರಲಿ, ಪರೀಕ್ಷಿಸಿದ ದಿನವೂ ಅದೇ ಎಂದು ಅದರಲ್ಲಿ ಸ್ಪಷ್ಟವಾಗಿರಲಿ, ಆದರೆ "ಜೂನ್ 2ರಿಂದ ನನ್ನ ಚಿಕಿತ್ಸೆಯಲ್ಲಿರುವ ಇವರು ಅದೇ ಮುರಿತದ ಕಾರಣದಿಂದ ಜುಲೈ 14ರಿಂದಲೂ ಕೆಲಸಕ್ಕೆ ಹಾಜರಾಗುವ ಸ್ಥಿತಿಯಲ್ಲಿ ಇರಲಿಲ್ಲ" ಎಂದು ತಮ್ಮಲ್ಲಿರುವ ಚಿಕಿತ್ಸಾ ದಾಖಲೆಯ ಆಧಾರದ ಮೇಲೆ ವೈದ್ಯರು ಬರೆಯಲಿ. ಮೂಳೆ ಜುಲೈ 16ರಂದು ಕೂಡಿಕೊಂಡಿಲ್ಲ ಎಂದಾದರೆ ಜುಲೈ 14ರಂದು ಕೂಡಿಕೊಂಡಿತ್ತು ಎಂದು ಯಾರೂ ವಾದಿಸಲಾರರು. ಅಂತಹ ಪ್ರಮಾಣಪತ್ರವನ್ನು ತಾವು ಸ್ವೀಕರಿಸಬೇಕು.

ಇದಕ್ಕೆ ನೌಕರರ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಅವಧಿ ಮುಗಿಯುವ ಮೊದಲೇ, ಪ್ರಮಾಣಪತ್ರ ಕೈಯಲ್ಲಿ ಇಲ್ಲದಿದ್ದರೂ, ವಿಸ್ತರಣೆಯ ಅರ್ಜಿ ಕಚೇರಿಗೆ ತಲುಪಬೇಕು. ಪ್ರಮಾಣಪತ್ರ ಸಿಕ್ಕ ಮೇಲೆ ಎರಡನ್ನೂ ಒಟ್ಟಿಗೆ ಕೊಡೋಣ ಎಂದು ಕಾಯುವುದರಿಂದಲೇ ಬಹಳಷ್ಟು ಪ್ರಕರಣಗಳು ಕೆಡುತ್ತವೆ. ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದ್ದೇನೆ ಎಂಬ ಮಾತಿಗೆ ಕಡತದಲ್ಲಿ ಬೆಲೆಯಿಲ್ಲ. ಆ ಅಧಿಕಾರಿ ನಾಳೆ ವರ್ಗವಾಗಿ ಹೋದರೆ ಸಾಕ್ಷಿಯೂ ಇರುವುದಿಲ್ಲ. ಅರ್ಜಿ ಲಿಖಿತವಾಗಿರಬೇಕು, ಅದು ತಲುಪಿದ್ದಕ್ಕೆ ಸ್ವೀಕೃತಿ ಇರಬೇಕು. ನಮ್ಮ ಉದಾಹರಣೆಯ ನೌಕರರು ಜುಲೈ 9ರ ಹೊತ್ತಿಗೆ ಬರೆಯಬಹುದಾದ ಅರ್ಜಿ ಹೀಗಿರುತ್ತದೆ:

"ಮಾನ್ಯರೇ, ಬಲಗಾಲಿನ ಮೂಳೆ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾಗಿರುವ ಕಾರಣ ನನಗೆ ಜೂನ್ 2ರಿಂದ ಜುಲೈ 13ರವರೆಗೆ ವೈದ್ಯಕೀಯ ರಜೆ ಮಂಜೂರಾಗಿರುತ್ತದೆ. ನಾನು ಈಗಲೂ ಊರುಗೋಲಿನ ಸಹಾಯದಿಂದ ಮಾತ್ರ ನಡೆಯುತ್ತಿದ್ದು, ಕೆಲಸಕ್ಕೆ ಹಾಜರಾಗುವ ಸ್ಥಿತಿಯಲ್ಲಿ ಇರುವುದಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮರುತಪಾಸಣೆಗೆ ಜುಲೈ 16ನ್ನು ನಿಗದಿಪಡಿಸಿದ್ದು, ತಪಾಸಣಾ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಆದ್ದರಿಂದ ಜುಲೈ 14ರಿಂದ ನನ್ನ ರಜೆಯನ್ನು ಮುಂದುವರಿಸಬೇಕೆಂದು ಕೋರುತ್ತೇನೆ. ತಪಾಸಣೆಯ ನಂತರ ಎರಡು ದಿನಗಳೊಳಗೆ, ವಿಸ್ತರಣೆಯ ಅವಧಿಯನ್ನು ನಮೂದಿಸಿದ ಪ್ರಮಾಣಪತ್ರವನ್ನು ಸಲ್ಲಿಸುತ್ತೇನೆ. ನನ್ನ ಖಾತೆಯಲ್ಲಿ ವೈದ್ಯಕೀಯ ರಜೆ ಸಾಲದಿದ್ದಲ್ಲಿ ಲಭ್ಯವಿರುವ ಇತರ ರಜೆಯನ್ನು, ಅದೂ ಸಾಲದಿದ್ದಲ್ಲಿ ವೇತನರಹಿತ ರಜೆಯನ್ನು ಪರಿಗಣಿಸಲು ನನ್ನ ಒಪ್ಪಿಗೆ ಇರುತ್ತದೆ."

ಈ ಅರ್ಜಿಯಲ್ಲಿ ಕ್ಷಮೆ ಯಾಚನೆಯಿಲ್ಲ, ಕಷ್ಟಗಳ ವರ್ಣನೆಯೂ ಇಲ್ಲ, ಎರಡೂ ಬೇಕಾಗಿಲ್ಲ. ಹಿಂದಿನ ರಜೆಯ ದಿನಾಂಕಗಳು, ಈಗಿನ ಸ್ಥಿತಿ, ಮುಂದಿನ ತಪಾಸಣೆಯ ದಿನ, ಪ್ರಮಾಣಪತ್ರ ಯಾವಾಗ ಬರುತ್ತದೆ ಎಂಬ ಮಾತು, ಇಷ್ಟು ಇದ್ದರೆ ಮಂಜೂರಾತಿಗೆ ಬೇಕಾದದ್ದೆಲ್ಲ ಇದ್ದಂತೆ. ಕೊನೆಯ ವಾಕ್ಯದ ಬಗ್ಗೆ ಮಾತ್ರ ಒಂದು ಮಾತು ಸೇರಿಸಬೇಕು. ಖಾತೆಯಲ್ಲಿ ರಜೆ ಉಳಿದಿದೆಯೇ ಎಂಬುದು ಒಂದು ಪ್ರಶ್ನೆ, ಗೈರುಹಾಜರಿಗೆ ಸರಿಯಾದ ಕಾರಣವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಖಾತೆ ಬರಿದಾಗಿದೆ ಎಂಬ ಕಾರಣಕ್ಕೆ ಅರ್ಜಿಯನ್ನೇ ತಿರಸ್ಕರಿಸುವ ಕಚೇರಿಗಳಲ್ಲಿ ಈ ಎರಡು ಬೆರೆತುಹೋಗಿವೆ. ವೇತನ ಕೊಡಲು ಸಾಧ್ಯವಿಲ್ಲದಿರಬಹುದು. ಅಷ್ಟರಿಂದಲೇ ಕಾಯಿಲೆ ಬಿದ್ದವರು ಕರ್ತವ್ಯಕ್ಕೆ ತಪ್ಪಿಸಿಕೊಂಡವರಾಗುವುದಿಲ್ಲ.

ಜುಲೈ 16ರ ಪ್ರಮಾಣಪತ್ರ ಬಂದ ಮೇಲೆ ಅದನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಮೊದಲ ಪತ್ರದಲ್ಲಿ "ಬಲಗಾಲಿನ ಮೂಳೆ ಮುರಿತ" ಎಂದಿದ್ದು ಎರಡನೆಯದರಲ್ಲಿ "ಕಾಲು ನೋವು" ಎಂದಷ್ಟೇ ಇದ್ದರೆ, ಕಡತ ನೋಡುವವರಿಗೆ ಅದು ಹೊಸ ಕಾಯಿಲೆಯಂತೆ ಕಾಣುತ್ತದೆ. ವಿಸ್ತರಣೆ ಎನ್ನುವ ಬದಲು ಹೊಸ ರಜೆ ಎಂದು ಲೆಕ್ಕಕ್ಕೆ ಬೀಳುತ್ತದೆ. ಜನದಟ್ಟಣೆಯ ನಡುವೆ ಅವಸರದಲ್ಲಿ ಬರೆಯುವ ವೈದ್ಯರಿಂದ ಇದು ಆಗಾಗ ಆಗುತ್ತದೆ. ಮೊದಲ ಪ್ರಮಾಣಪತ್ರದ ಪ್ರತಿಯನ್ನು ನೌಕರರು ತಪಾಸಣೆಗೆ ಜೊತೆಯಲ್ಲಿ ಒಯ್ದು, ಅದರ ಮುಂದುವರಿಕೆ ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಬರೆಸಿಕೊಳ್ಳದಿದ್ದರೂ ಎರಡೂ ಪತ್ರಗಳನ್ನು ಬರೆದವರು ಒಬ್ಬರೇ ವೈದ್ಯರಾಗಿದ್ದರೆ ಒಂದು ಸ್ಪಷ್ಟೀಕರಣ ಕೇಳಿದರೆ ಸಾಕು, ಅರ್ಜಿಯನ್ನೇ ಹಿಂದಿರುಗಿಸಬೇಕಾಗಿಲ್ಲ. ಹಾಗೆಯೇ "ಆರು ವಾರ" ಎಂಬ ಪದವೂ ದಿನಾಂಕಗಳೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಎಣಿಸಿ ನೋಡಬೇಕು. ಜುಲೈ 14ರಿಂದ ಆರು ವಾರ ಎಂದರೆ ಆಗಸ್ಟ್ 24ಕ್ಕೆ ಮುಗಿಯುತ್ತದೆ. ಅವಸರದಲ್ಲಿ ಆಗಸ್ಟ್ 25 ಎಂದು ಬರೆದಿದ್ದರೆ ಆ ಒಂದು ದಿನವೇ ಮುಂದೆ ಆಕ್ಷೇಪಣೆಯಾಗುತ್ತದೆ.

ಈ ಬಾರಿ ಮುಂದಿನ ತಪಾಸಣೆ ಆಗಸ್ಟ್ 20ಕ್ಕಿದೆ, ರಜೆ ಮುಗಿಯುವುದು 24ಕ್ಕೆ. ತಪಾಸಣೆಯ ದಿನ ರಜೆಯ ಕೊನೆಯ ದಿನಕ್ಕಿಂತ ಮೊದಲು ಬರುವಂತೆ ವೈದ್ಯರನ್ನು ಕೇಳಿಕೊಂಡರೆ ಬಿರುಕು ಹುಟ್ಟುವುದೇ ಇಲ್ಲ. ಮೊದಲ ಸಲವೇ ಹೀಗೆ ಮಾಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ರೋಗಿಗೆ ಈ ಲೆಕ್ಕಾಚಾರವೆಲ್ಲ ಹೊಳೆಯುವುದಿಲ್ಲ. ಅದನ್ನು ಹೇಳಿಕೊಡಬೇಕಾದದ್ದು ರಜೆಯ ನಿಯಮ ಬಲ್ಲ ನಾವು. ಮೊದಲ ರಜೆಯ ಮಂಜೂರಾತಿ ಆದೇಶದಲ್ಲಿಯೇ ಈ ಬಗ್ಗೆ ಎರಡು ಸಾಲು ಬರೆದರೆ ಸಾಕು.

ರಜೆಯ ದುರುಪಯೋಗ ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಗುತ್ತದೆ, ಅದರ ಭಾರ ಬೀಳುವುದು ಅದೇ ಶಾಖೆಯಲ್ಲಿ ಅವರ ಕೆಲಸವನ್ನೂ ಹೊತ್ತುಕೊಂಡವರ ಮೇಲೆ. ಆದರೆ ವಿಸ್ತರಣೆ ಕೇಳಿದ್ದೇ ದುರುಪಯೋಗದ ಗುರುತಲ್ಲ. ಗುರುತುಗಳು ಬೇರೆ ಇವೆ: ಪ್ರತಿ ಸಲವೂ ಬೇರೆ ಬೇರೆ ವೈದ್ಯರ ಪತ್ರ, ಪರೀಕ್ಷಿಸಿದ ದಿನಾಂಕವೇ ಇಲ್ಲದ ಪ್ರಮಾಣಪತ್ರ, ಮುಂದಿನ ತಪಾಸಣೆಯ ಉಲ್ಲೇಖವಿಲ್ಲದೆ ಸುಮ್ಮನೆ ಮುಂದೆ ಹೋಗುವ ಅವಧಿ. ನಮ್ಮ ಉದಾಹರಣೆಯಲ್ಲಿ ವೈದ್ಯರು ಒಬ್ಬರೇ, ಪರೀಕ್ಷಿಸಿದ ದಿನ ಸ್ಪಷ್ಟವಾಗಿದೆ, ಅವಧಿಯ ಕೊನೆ ಮುಂದಿನ ತಪಾಸಣೆಗೆ ಅಂಟಿಕೊಂಡಿದೆ. ಇಷ್ಟಿದ್ದೂ ಸಂಶಯ ಉಳಿದರೆ ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಅಧಿಕಾರವನ್ನು ಬಹುತೇಕ ನಿಯಮಾವಳಿಗಳು ತಮಗೆ ಕೊಟ್ಟಿರುತ್ತವೆ. ಅದನ್ನು ಬಳಸಿ. ಆದರೆ ಆ ಅಭಿಪ್ರಾಯ ಬರುವವರೆಗೆ ಅರ್ಜಿ ಬಾಕಿ ಇದೆ ಎಂದು ದಾಖಲಿಸಿ. ಅನಧಿಕೃತ ಗೈರುಹಾಜರಿ ಎಂದು ಮೊದಲೇ ತೀರ್ಪು ಬರೆದು ಆಮೇಲೆ ಪರೀಕ್ಷೆಗೆ ಕಳುಹಿಸಬೇಡಿ. ರೋಗಿಯ ಎಕ್ಸ್‌ರೇ, ರಕ್ತಪರೀಕ್ಷೆ, ಇಡೀ ಚಿಕಿತ್ಸಾ ಕಡತ ತನ್ನಿ ಎಂದು ಶಾಖೆಯ ಮೇಜಿನ ಮೇಲೆ ಹರಡಿಸುವುದೂ ಬೇಡ. ಅವನ್ನು ಓದಲು ನಮಗೆ ಬರುವುದಿಲ್ಲ, ಓದುವ ಹಕ್ಕೂ ನಮಗಿಲ್ಲ. ಮೂಳೆ ಮುರಿತವಾದರೆ ಹೇಳಿಕೊಳ್ಳಲು ಸಂಕೋಚವಿಲ್ಲ. ಗರ್ಭಪಾತವೋ, ಮಾನಸಿಕ ಕಾಯಿಲೆಯೋ, ಕ್ಯಾನ್ಸರೋ ಆದಾಗ ಆ ಕಾಗದಗಳು ಎಷ್ಟು ಕೈಗಳನ್ನು ದಾಟುತ್ತವೆ ಎಂಬುದನ್ನು ದಯವಿಟ್ಟು ಯೋಚಿಸಿ.

ಇನ್ನೊಂದು ವಿಷಯ ಉಳಿದಿದೆ. ಆಗಸ್ಟ್ 20ರ ತಪಾಸಣೆಯಲ್ಲಿ ನಮ್ಮ ನೌಕರರ ಮೂಳೆ ಮೂರು ಅಂಚುಗಳಲ್ಲಿ ಕೂಡಿಕೊಂಡಿದೆ ಎಂದಿಟ್ಟುಕೊಳ್ಳಿ. ಆಗಲೂ ಅವರು ಮೊದಲಿನಂತೆ ಏಣಿ ಹತ್ತಿ ಮೇಲಿನ ಅರೆಯಿಂದ ಕಡತದ ಕಟ್ಟುಗಳನ್ನು ಇಳಿಸಲಾರರು. ತಿಂಗಳುಗಟ್ಟಲೆ ಬಳಸದ ತೊಡೆಯ ಸ್ನಾಯುಗಳು ಸೊರಗಿರುತ್ತವೆ. ಆದರೆ ಕುಳಿತು ಮಾಡುವ ಕೆಲಸವನ್ನು ಅವರು ಖಂಡಿತ ಮಾಡಬಲ್ಲರು. ಪೂರ್ಣ ಆರೋಗ್ಯವಂತರು ಎಂಬ ಪ್ರಮಾಣಪತ್ರವನ್ನೇ ತರಬೇಕೆಂದು ಕಚೇರಿ ಪಟ್ಟು ಹಿಡಿದರೆ ಎರಡೇ ಫಲಿತಾಂಶ: ಮತ್ತೊಂದು ವಿಸ್ತರಣೆ, ಅಥವಾ ಇನ್ನೂ ಬಲಿಯದ ಕಾಲಿನ ಮೇಲೆ ಏಣಿ ಹತ್ತುವುದು. ಅದರ ಬದಲು, ಈ ವ್ಯಕ್ತಿ ಏನು ಮಾಡಬಹುದು, ಏನು ಮಾಡಬಾರದು, ಎಷ್ಟು ದಿನದವರೆಗೆ ಎಂದು ವೈದ್ಯರನ್ನೇ ಕೇಳಬೇಕು. "ನಾಲ್ಕು ವಾರ ಏಣಿ ಮತ್ತು ಭಾರ ಎತ್ತುವ ಕೆಲಸ ಬೇಡ, ಕುಳಿತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ" ಎಂಬ ಒಂದು ಸಾಲು ಸಿಕ್ಕರೆ ವಿಸ್ತರಣೆಯ ಅವಧಿ ಅಷ್ಟು ಕಡಿಮೆಯಾಗುತ್ತದೆ, ಶಾಖೆಗೂ ಒಬ್ಬರು ಸಿಗುತ್ತಾರೆ. ಹಗುರ ಕೆಲಸ ಕೊಡಲು ನಿಜಕ್ಕೂ ಅವಕಾಶವಿಲ್ಲದ ಹುದ್ದೆಗಳಿವೆ. ಅಲ್ಲಿ ರಜೆ ಮುಂದುವರಿಸುವುದೇ ದಾರಿ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅವಧಿ ಮುಗಿಯುವ ಮೊದಲು ತಲುಪಿದ ವಿಸ್ತರಣೆಯ ಅರ್ಜಿಯನ್ನು, ತಪಾಸಣಾ ಚೀಟಿಯ ಆಧಾರದ ಮೇಲೆ, ಪ್ರಮಾಣಪತ್ರ ಬರುವವರೆಗೆ ತಾತ್ಕಾಲಿಕವಾಗಿ ಅಂಗೀಕರಿಸಬೇಕು. ಆ ಪ್ರಮಾಣಪತ್ರ ಸಲ್ಲಿಸಲು ತಪಾಸಣೆಯ ನಂತರ ಒಂದು ವಾರದ ಸಮಯ ಕೊಡಬೇಕು. ಅದು ಬಂದ ಮೇಲೆ ಎರಡೂ ಅವಧಿಗಳನ್ನು ಒಂದೇ ನಿರಂತರ ರಜೆ ಎಂದು ಆದೇಶ ಹೊರಡಿಸಬೇಕು. ಗಡುವಿನೊಳಗೆ ಪ್ರಮಾಣಪತ್ರ ಬರದಿದ್ದರೆ ಆಗ ವಿವರಣೆ ಕೇಳಲು ತಮಗೆ ಅಡ್ಡಿಯಿಲ್ಲ. ರೋಗಿ ಪ್ರಜ್ಞೆಯಿಲ್ಲದೆ ಮಲಗಿರುವ, ಅಥವಾ ತಾನೇ ಬರೆಯಲಾಗದ ಸ್ಥಿತಿಯಲ್ಲಿರುವ ಪ್ರಕರಣಗಳಲ್ಲಿ ಮನೆಯವರು ಸಹಿ ಮಾಡಿದ ಅರ್ಜಿಗೂ ಇದೇ ಮಾನ್ಯತೆ ಸಿಗಬೇಕು. ಇದಕ್ಕೆ ಹೊಸ ಹಣವೂ ಬೇಡ, ಹೊಸ ಹುದ್ದೆಯೂ ಬೇಡ. ತಮ್ಮ ಸಹಿಯ ಒಂದು ಸುತ್ತೋಲೆ ಸಾಕು. ಆ ಸುತ್ತೋಲೆಯನ್ನು ಹೊರಡಿಸುವಾಗ ಅದರ ಪ್ರತಿಯೊಂದನ್ನು ಸದ್ಯ ವೈದ್ಯಕೀಯ ರಜೆಯ ಮೇಲಿರುವ ಪ್ರತಿಯೊಬ್ಬ ನೌಕರರ ಮನೆಗೂ ಕಳುಹಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಜೆ ಕಡತಗಳನ್ನು ನಿರ್ವಹಿಸಿದ ಒಬ್ಬ ಸಿಬ್ಬಂದಿ